ಐದು ವರ್ಷದ ಗಾಡಿ ಲೆಕ್ಕ: ಪೆಟ್ರೋಲೋ, ಗ್ಯಾಸೋ, ಕರೆಂಟೋ?

ಮನೆಗೊಂದು ಗಾಡಿ ಬೇಕು ಎಂಬ ಮಾತು ಎದ್ದಿತೆಂದರೆ ಸಾಕು, ಒಬ್ಬೊಬ್ಬರದು ಒಂದೊಂದು ಸಲಹೆ. "ಕರೆಂಟ್ ಗಾಡಿ ತಗೊಳ್ಳಿ, ಕಿಲೋಮೀಟರಿಗೆ ಬರೀ ಮೂವತ್ತು ಪೈಸೆ" ಎನ್ನುತ್ತಾರೆ ಶೋರೂಮಿನವರು. ಮಾತು ಸುಳ್ಳಲ್ಲ. ಆದರೆ ಅಡುಗೆಯ ಖರ್ಚೆಂದರೆ ಒಲೆಗೆ ಸುಟ್ಟ ಗ್ಯಾಸು ಮಾತ್ರ, ಅಕ್ಕಿ ಬೇಳೆ ಲೆಕ್ಕಕ್ಕಿಲ್ಲ ಎಂದ ಹಾಗಾಯಿತು ಅದು! ಗಾಡಿಯ ಬೆಲೆ, ರಿಪೇರಿ, ಬ್ಯಾಟರಿ, ಕೊನೆಗೆ ಮಾರಿದಾಗ ಕೈಗೆ ಬರುವ ಹಣ ಇವೆಲ್ಲ ಸೇರಿದರೆ ತಾನೇ ನಿಜವಾದ ಲೆಕ್ಕ? ಬನ್ನಿ, ಹಾಲಿನ ಲೆಕ್ಕ ಬರೆಯುವ ಪುಸ್ತಕದಲ್ಲೇ ಒಂದು ಪುಟ ತೆಗೆದುಕೊಂಡು ಕೂರೋಣ.

ನಮ್ಮ ರಾಜ್ಯದ ಒಂದು ಸಣ್ಣ ಊರಿನ ಸಂಸಾರವನ್ನು ಇಟ್ಟುಕೊಳ್ಳಿ. ಮಕ್ಕಳನ್ನು ಸ್ಕೂಲಿಗೆ ಬಿಡುವುದು, ಮಾರ್ಕೆಟ್ಟು, ಯಜಮಾನರ ಕೆಲಸ ಎಲ್ಲ ಸೇರಿ ದಿನಕ್ಕೆ 20 ಕಿ.ಮೀ. ಓಡಾಟ. ವರ್ಷಕ್ಕೆ 300 ದಿನವೆಂದರೆ 6,000 ಕಿ.ಮೀ., ಐದು ವರ್ಷಕ್ಕೆ 30,000 ಕಿ.ಮೀ. ಇಲ್ಲಿ ಕೊಟ್ಟಿರುವ ಬೆಲೆಗಳು ಲೆಕ್ಕಕ್ಕೆಂದು ಹಿಡಿದ ಅಂದಾಜು. ನಿಮ್ಮೂರಿನ ಬೆಲೆ ಕೇಳಿ ಅದೇ ಜಾಗದಲ್ಲಿ ಬರೆದುಕೊಂಡರೆ ನಿಮ್ಮ ಲೆಕ್ಕ ಸಿದ್ಧ.

ಪೆಟ್ರೋಲ್ ಸ್ಕೂಟರ್

ರಿಜಿಸ್ಟ್ರೇಷನ್, ಇನ್ಶೂರೆನ್ಸ್ ಎಲ್ಲ ಸೇರಿ ಗಾಡಿ ರಸ್ತೆಗಿಳಿಯುವಾಗ 1,00,000 ರೂಪಾಯಿ ಎನ್ನಿ. ಊರೊಳಗಿನ ಓಡಾಟದಲ್ಲಿ ಲೀಟರಿಗೆ 45 ಕಿ.ಮೀ. ಕೊಟ್ಟರೆ, ಲೀಟರಿಗೆ 103 ರೂಪಾಯಿಯಂತೆ ಕಿಲೋಮೀಟರಿಗೆ ಸುಮಾರು 2 ರೂಪಾಯಿ 30 ಪೈಸೆ. 30,000 ಕಿ.ಮೀ.ಗೆ 69,000. ಆಯಿಲ್, ಬೆಲ್ಟ್, ಟೈರ್, ಸರ್ವೀಸ್ ಅಂತ ವರ್ಷಕ್ಕೆ 3,000ದಂತೆ 15,000. ಐದು ವರ್ಷದ ಮೇಲೆ ಮಾರಿದರೆ 40,000 ಬಂದೀತು. ಕೂಡಿ ಕಳೆದರೆ ಉಳಿಯುವುದು 1,44,000. ಅಂದರೆ ಕಿಲೋಮೀಟರಿಗೆ 4 ರೂಪಾಯಿ 80 ಪೈಸೆ.

ಸಿ.ಎನ್.ಜಿ. ಬೈಕ್

2024ರ ಜುಲೈನಲ್ಲಿ ಬಜಾಜ್ ಕಂಪನಿಯ ಫ್ರೀಡಂ 125 ಬಂದಾಗಲೇ ಸಿ.ಎನ್.ಜಿ.ಯಲ್ಲಿ ಓಡುವ ಬೈಕು ಮೊದಲ ಬಾರಿಗೆ ಅಂಗಡಿಗೆ ಬಂದದ್ದು. ಸೀಟಿನ ಕೆಳಗೆ 2 ಕೆ.ಜಿ. ಗ್ಯಾಸು ಹಿಡಿಯುವ ಸಿಲಿಂಡರು, ಜೊತೆಗೆ 2 ಲೀಟರಿನ ಪೆಟ್ರೋಲ್ ಟ್ಯಾಂಕು. ಇದು ಗೇರು ಹಾಕುವ ಬೈಕು ಎಂಬುದು ನೆನಪಿರಲಿ. ಸೀರೆ ಉಟ್ಟು ಮಾರ್ಕೆಟ್ಟಿಗೆ ಹೋಗಿಬರುವವರಿಗೆ ಸ್ಕೂಟರಿನಷ್ಟು ಸಲೀಸಲ್ಲ.

ಗಾಡಿಗೆ 1,20,000 ಎನ್ನಿ. ಕಂಪನಿ ಕೆ.ಜಿ.ಗೆ 102 ಕಿ.ಮೀ. ಎಂದು ಹೇಳುತ್ತದೆ. ನಾವು ಕೈ ಬಿಗಿಹಿಡಿದು 75 ಎಂದೇ ಬರೆಯೋಣ. ಕೆ.ಜಿ.ಗೆ 90 ರೂಪಾಯಿಯಾದರೆ ಕಿಲೋಮೀಟರಿಗೆ 1 ರೂಪಾಯಿ 20 ಪೈಸೆ, ಒಟ್ಟು 36,000. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಅದೂ ಸೇರಿ ರಿಪೇರಿಗೆ 18,000. ಮಾರಿದಾಗ 40,000. ಉಳಿಯುವುದು 1,34,000, ಕಿಲೋಮೀಟರಿಗೆ 4 ರೂಪಾಯಿ 47 ಪೈಸೆ.

ಆದರೆ ಗ್ಯಾಸ್ ಬಂಕು ಎಲ್ಲಿದೆ ಅಂತ ಮೊದಲು ವಿಚಾರಿಸಿ. ಒಂದು ಸಲ ತುಂಬಿಸಿದರೆ ಸಿಗುವುದು 150 ಕಿ.ಮೀ. ಬಂಕು 12 ಕಿ.ಮೀ. ದೂರವಿದ್ದರೆ ಹೋಗಿಬರುವುದಕ್ಕೇ 24 ಕಿ.ಮೀ. ಖರ್ಚು. ಉಪಯೋಗಕ್ಕೆ ಉಳಿದದ್ದು 126. ಆಗ 1 ರೂಪಾಯಿ 20 ಪೈಸೆ ಇದ್ದದ್ದು 1 ರೂಪಾಯಿ 43 ಪೈಸೆಯಾಗುತ್ತದೆ. ಬಂಕಿನ ಮುಂದೆ ಆಟೋಗಳ ಸಾಲಿನಲ್ಲಿ ಕಾಯುವ ಹೊತ್ತು ಬೇರೆ! ಬೇಸತ್ತು ಪೆಟ್ರೋಲಿನಲ್ಲೇ ಓಡಿಸುತ್ತಾ ಹೋದರೆ ಹೆಚ್ಚು ಕೊಟ್ಟು ಕೊಂಡ ಗಾಡಿಯ ಲಾಭವೇ ಇಲ್ಲ.

ಕರೆಂಟ್ ಸ್ಕೂಟರ್

3 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿಯ ಸ್ಕೂಟರಿಗೂ 1,20,000 ಎಂದೇ ಹಿಡಿಯೋಣ. ಚಾರ್ಜ್ ಆಗುವಾಗ ಸ್ವಲ್ಪ ಕರೆಂಟು ಬಿಸಿಯಾಗಿ ಪೋಲಾಗುತ್ತದೆ. ಅದನ್ನೂ ಸೇರಿಸಿ, ಮೀಟರಿನಲ್ಲಿ ಓಡಿದ ಒಂದು ಯೂನಿಟ್ಟಿಗೆ ಸುಮಾರು 25 ಕಿ.ಮೀ. ಸಿಗುತ್ತದೆ. ತೆರಿಗೆ ಸೇರಿ ಯೂನಿಟ್ಟಿಗೆ 7 ರೂಪಾಯಿಯಾದರೂ ಕಿಲೋಮೀಟರಿಗೆ 30 ಪೈಸೆಯೊಳಗೇ ಆಯಿತು. ಐದು ವರ್ಷಕ್ಕೆ ಬರೀ 9,000! ಆಯಿಲ್ ಬದಲಿಸುವ ಗೊಡವೆಯಿಲ್ಲ, ಟೈರು ಬ್ರೇಕು ಎಂದು 10,000. ಹಳೇ ಬ್ಯಾಟರಿ ಎಂದು ಕೊಳ್ಳುವವರು ಹಿಂದೆಮುಂದೆ ನೋಡುತ್ತಾರಾದ್ದರಿಂದ ಮಾರಿದಾಗ 25,000 ಮಾತ್ರ. ಉಳಿಯುವುದು 1,14,000, ಕಿಲೋಮೀಟರಿಗೆ 3 ರೂಪಾಯಿ 80 ಪೈಸೆ. ಪೆಟ್ರೋಲಿಗಿಂತ ಒಂದು ರೂಪಾಯಿ ಕಡಿಮೆ.

ಇಷ್ಟಕ್ಕೇ ಪುಸ್ತಕ ಮುಚ್ಚಬೇಡಿ. ಐದನೇ ವರ್ಷಕ್ಕೆ ಬ್ಯಾಟರಿ ಕೈಕೊಟ್ಟಿತು ಎಂದುಕೊಳ್ಳಿ. ಹೊಸದಕ್ಕೆ 55,000 ಎನ್ನೋಣ. ಹೊಸ ಬ್ಯಾಟರಿ ಇದ್ದ ಗಾಡಿಗೆ ಮಾರಾಟದಲ್ಲಿ 45,000 ಬಂದರೂ ಒಟ್ಟು ಖರ್ಚು 1,49,000ಕ್ಕೆ ಏರಿ, ಕಿಲೋಮೀಟರಿಗೆ 4 ರೂಪಾಯಿ 97 ಪೈಸೆ ಬೀಳುತ್ತದೆ. ಪೆಟ್ರೋಲಿಗಿಂತಲೂ ದುಬಾರಿ! ಉಳಿಸಿದ್ದನ್ನೆಲ್ಲ ಬ್ಯಾಟರಿಯೊಂದೇ ನುಂಗಿತು.

ಆದ್ದರಿಂದ ಕರೆಂಟ್ ಗಾಡಿ ಕೊಳ್ಳುವಾಗ ಬಣ್ಣ ನೋಡುವ ಮೊದಲು ವಾರಂಟಿ ಕಾಗದ ನೋಡಿ. ಸಾಮಾನ್ಯವಾಗಿ ಮೂರು ವರ್ಷ ಕೊಡುತ್ತಾರೆ. ಹೆಚ್ಚು ಹಣ ಕೊಟ್ಟರೆ ಎಂಟು ವರ್ಷದವರೆಗೂ ವಿಸ್ತರಿಸುವ ಕಂಪನಿಗಳಿವೆ. ಅದಕ್ಕೆ 6,000 ಆದರೂ ಕಿಲೋಮೀಟರಿಗೆ ಬೀಳುವುದು 20 ಪೈಸೆ. ಆಗ ನಮ್ಮ ಲೆಕ್ಕ ಸರಿಯಾಗಿ 4 ರೂಪಾಯಿಗೆ ನಿಲ್ಲುತ್ತದೆ, 55,000ದ ಭಯವೂ ದೂರವಾಗುತ್ತದೆ. ಬ್ಯಾಟರಿಯ ಶಕ್ತಿ ನೂರಕ್ಕೆ ಎಷ್ಟಕ್ಕಿಂತ ಇಳಿದರೆ ಬದಲಿಸಿಕೊಡುತ್ತಾರೆ ಎಂಬುದು ಕಾಗದದಲ್ಲಿ ಬರೆದಿರಬೇಕು. ಬಾಯಿಮಾತು ಸಾಲದು. ತೀರ ಅಗ್ಗದ ಕೆಲವು ಗಾಡಿಗಳಲ್ಲಿ ಲಿಥಿಯಂ ಬದಲು ಸೀಸದ ಬ್ಯಾಟರಿ ಇರುತ್ತದೆ. ಅದು ಒಂದೆರಡು ವರ್ಷಕ್ಕೇ ಸೋಲುವುದುಂಟು. ಅದನ್ನೂ ಕೇಳಿ ತಿಳಿದುಕೊಳ್ಳಿ.

ಬ್ಯಾಟರಿ ಸೋಲುತ್ತಿದೆ ಅಂತ ಗೊತ್ತಾಗುವುದು ಹೇಗೆ? ಮೂರು ತಿಂಗಳಿಗೊಮ್ಮೆ ಪೂರ್ತಿ ಚಾರ್ಜ್ ಮಾಡಿ, ದಿನವೂ ಹೋಗುವ ರಸ್ತೆಯಲ್ಲೇ ಓಡಿಸಿ, 20 ಪರ್ಸೆಂಟಿಗೆ ಇಳಿದಾಗ ಎಷ್ಟು ಕಿ.ಮೀ. ಆಯಿತೆಂದು ಬರೆದಿಡಿ. ಮೊದಲು 70 ಬರುತ್ತಿದ್ದದ್ದು 50ಕ್ಕೆ ಇಳಿದರೆ ತಡಮಾಡದೆ, ವಾರಂಟಿ ಮುಗಿಯುವ ಮೊದಲೇ ತೋರಿಸಿ. ಗಾಡಿ ಬಿಸಿಲಲ್ಲಿ ಓಡಿ ಬಂದ ಕೂಡಲೇ ಚಾರ್ಜಿಗೆ ಹಾಕದೆ ಸ್ವಲ್ಪ ಆರಲು ಬಿಡಿ. ಊರಿಗೆ ಹೋಗುವಾಗ ಬ್ಯಾಟರಿ ಪೂರ್ತಿ ಖಾಲಿಯಾಗಿ ಬಿಟ್ಟು ಹೋಗಬೇಡಿ.

ಗೃಹಜ್ಯೋತಿ ಇರುವ ಮನೆಯವರಿಗೊಂದು ಮಾತು

ದಿನಕ್ಕೆ 20 ಕಿ.ಮೀ. ಓಡಿದರೆ ತಿಂಗಳಿಗೆ 20 ಯೂನಿಟ್ ಹೆಚ್ಚಾಗುತ್ತದೆ. 2023ರಲ್ಲಿ ಬಂದ ಈ ಯೋಜನೆಯಲ್ಲಿ ನಿಮ್ಮ ಮನೆಗೆ ಗೊತ್ತುಮಾಡಿದ ಉಚಿತ ಯೂನಿಟ್ ದಾಟಿದರೆ ದಾಟಿದಷ್ಟಕ್ಕೆ ಹಣ ಕಟ್ಟಬೇಕು. ಒಟ್ಟು 200 ದಾಟಿತೋ, ಆ ತಿಂಗಳ ಬಿಲ್ಲು ಪೂರ್ತಿ ನಿಮ್ಮದೇ. ಈಗಾಗಲೇ 190 ಯೂನಿಟ್ ಬರುವ ಮನೆಯಾದರೆ 20 ಸೇರಿ 210 ಆಗುತ್ತದೆ. ಹಾಗಾಗಿ ಗಾಡಿ ಬುಕ್ ಮಾಡುವ ಮೊದಲು ಹಿಂದಿನ ಆರು ತಿಂಗಳ ಬಿಲ್ಲು ತೆಗೆದು ನೋಡಿ.

ಓಡಾಟ ಕಡಿಮೆಯಾದರೆ?

ದಿನಕ್ಕೆ 8 ಕಿ.ಮೀ. ಮಾತ್ರ ಓಡುವ ಮನೆಗೆ ಲೆಕ್ಕವೇ ತಿರುವುಮುರುವು. ಐದು ವರ್ಷಕ್ಕೆ 12,000 ಕಿ.ಮೀ. ಅಷ್ಟೇ. ಗಾಡಿಯ ಬೆಲೆ ಹಂಚಿಹೋಗಲು ಕಿಲೋಮೀಟರುಗಳೇ ಸಾಲವು. ಇದೇ ರೀತಿ ಕೂಡಿ ಕಳೆದರೆ ಪೆಟ್ರೋಲಿಗೆ ಸುಮಾರು ಎಂಟೂವರೆ ರೂಪಾಯಿ, ಗ್ಯಾಸಿಗೆ ಒಂಬತ್ತರ ಮೇಲೆ, ವಿಸ್ತರಿಸಿದ ವಾರಂಟಿಯ ಕರೆಂಟಿಗೆ ಒಂಬತ್ತೂವರೆಯ ಮೇಲೆ ಬರುತ್ತದೆ. ನಾವು ಹಿಡಿದ ಬೆಲೆಗಳಲ್ಲಿ ದಿನಕ್ಕೆ 12 ಕಿ.ಮೀ. ಆಸುಪಾಸಿನಲ್ಲಿ ತಕ್ಕಡಿ ಸಮವಾಗುತ್ತದೆ. ಅದಕ್ಕಿಂತ ಕಡಿಮೆ ಓಡುವವರಿಗೆ ಪೆಟ್ರೋಲೇ ವಾಸಿ, ಹೆಚ್ಚು ಓಡುವವರಿಗೆ ಕರೆಂಟು. ಗ್ಯಾಸಿನ ಬೈಕು ಎರಡರ ನಡುವೆ ನಿಲ್ಲುತ್ತದೆ. ಬಂಕು ಹತ್ತಿರವಿದ್ದು, ದಿನಾ ದೂರದೂರಿಗೆ ಹೋಗಿಬರುವ ಯಜಮಾನರಿದ್ದರೆ ಅದು ಅವರಿಗೆ ತಕ್ಕದ್ದು.

ಶೋರೂಮಿಗೆ ಹೋಗುವ ಮೊದಲು ಒಂದು ತಿಂಗಳು ಈಗಿನ ಗಾಡಿಯ ಮೀಟರನ್ನು ತಿಂಗಳ ಮೊದಲ ದಿನ ಮತ್ತು ಕೊನೆಯ ದಿನ ಬರೆದುಕೊಳ್ಳಿ. ಗಾಡಿ ಇಲ್ಲದಿದ್ದರೆ ಸ್ಕೂಲು, ಅಂಗಡಿ, ಕೆಲಸದ ಜಾಗಗಳ ದೂರ ಕೂಡಿಸಿ. ಆ ಒಂದು ಅಂಕಿ ಕೈಯಲ್ಲಿದ್ದರೆ ಯಾವ ಗಾಡಿ ಎಂಬ ಅರ್ಧ ತೀರ್ಮಾನ ಮನೆಯಲ್ಲೇ ಆದಂತೆ.