ತೆಳು ಮಾರುಕಟ್ಟೆಯಲ್ಲಿ ಸ್ಟಾಪ್‌ಲಾಸ್ ಎಲ್ಲಿಡಬೇಕು?

2017ರ ಜೂನ್ 21ರಂದು ಅಮೆರಿಕದ ಜಿಡ್ಯಾಕ್ಸ್ ಎಂಬ ಕ್ರಿಪ್ಟೊ ಎಕ್ಸ್‌ಚೇಂಜ್‌ನಲ್ಲಿ ಈಥರ್ ಬೆಲೆ 317 ಡಾಲರ್ ಆಸುಪಾಸಿನಲ್ಲಿತ್ತು. ಯಾರೋ ಒಬ್ಬರು ಲಕ್ಷಾಂತರ ಡಾಲರ್ ಮೌಲ್ಯದ ಈಥರನ್ನು ಒಂದೇ ಆರ್ಡರ್‌ನಲ್ಲಿ, ಸಿಕ್ಕ ಬೆಲೆಗೆ ಮಾರಲು ಹೊರಟರು. ಆ ಒಂದು ಮಾರಾಟಕ್ಕೇ ಬೆಲೆ 224 ಡಾಲರ್‌ಗೆ ಕುಸಿಯಿತು. ಆ ದಾರಿಯುದ್ದಕ್ಕೂ ಸ್ಟಾಪ್‌ಲಾಸ್ ಆರ್ಡರ್‌ಗಳು ಕಾದು ಕೂತಿದ್ದವು. ಅವೂ, ಸಾಲ ಮಾಡಿ ಕೊಂಡವರ ಬಲವಂತದ ಮಾರಾಟಗಳೂ ಸೇರಿ ಸುಮಾರು 800 ಆರ್ಡರ್‌ಗಳು ಒಂದರ ಹಿಂದೊಂದು ಸಿಡಿದವು. ಬೆಲೆ 10 ಸೆಂಟ್ ಮುಟ್ಟಿ, ಸ್ವಲ್ಪ ಹೊತ್ತಿನಲ್ಲೇ ಬಹುಪಾಲು ಹಿಂದಿನ ಮಟ್ಟಕ್ಕೆ ಏರಿತು. ನಷ್ಟ ತಡೆಯಲೆಂದು ಇಟ್ಟ ಆರ್ಡರ್‌ಗಳೇ ನಷ್ಟವನ್ನು ಹಿಗ್ಗಿಸಿದ್ದವು. ಜಿಡ್ಯಾಕ್ಸ್‌ನ ಮಾಲೀಕ ಸಂಸ್ಥೆ ಕಾಯಿನ್‌ಬೇಸ್ ತನ್ನ ಕೈಯಿಂದಲೇ ಗ್ರಾಹಕರಿಗೆ ಪರಿಹಾರ ಕೊಟ್ಟಿತು. ಅಂಥ ಪರಿಹಾರವನ್ನು ನೆಚ್ಚಿಕೊಂಡು ಯಾರೂ ವಹಿವಾಟು ಮಾಡುವಂತಿಲ್ಲ.

ಈಥರ್ ಇಂದು ಆಳವಾದ ಮಾರುಕಟ್ಟೆ ಇರುವ ನಾಣ್ಯ. ಆದರೆ ಅಂದು ಈಥರ್‌ಗೆ ಆದದ್ದು ಸಣ್ಣ ಪ್ರಮಾಣದಲ್ಲಿ ಯಾವುದಾದರೊಂದು ಆಲ್ಟ್‌ಕಾಯಿನ್‌ಗೆ ಈಗಲೂ ಆಗುತ್ತಲೇ ಇರುತ್ತದೆ. ಬಿಟ್‌ಕಾಯಿನ್ ಬಿಟ್ಟು ಉಳಿದ ನಾಣ್ಯಗಳನ್ನೆಲ್ಲ ಆಲ್ಟ್‌ಕಾಯಿನ್ ಎನ್ನುತ್ತಾರೆ. ಅವುಗಳಲ್ಲಿ ಹೆಚ್ಚಿನವಕ್ಕೆ ಕೊಳ್ಳುವವರೂ ಮಾರುವವರೂ ಕಡಿಮೆ. ಚಾರ್ಟ್ ತೆರೆದು ನೋಡಿದರೆ ಕ್ಯಾಂಡಲ್‌ಗಳ ಒಡಲು ಚಿಕ್ಕದಾಗಿದ್ದು, ಕೆಳಗೆ ಮಾತ್ರ ಉದ್ದನೆಯ ತೆಳುಗೆರೆ ಇಳಿಬಿದ್ದಿರುತ್ತದೆ. ಅದೇ ವಿಕ್. ಬೆಲೆ ಅಲ್ಲಿಯವರೆಗೆ ಹೋಗಿತ್ತು, ಆದರೆ ಅಲ್ಲಿ ನಿಲ್ಲದೆ ವಾಪಸಾಯಿತು ಎಂಬುದರ ಗುರುತು ಅದು.

ವಿಕ್ ಹುಟ್ಟುವುದು ಆರ್ಡರ್ ಬುಕ್‌ನಲ್ಲಿ. ಒಂದು ನಾಣ್ಯದ ಬೆಲೆ 95 ರೂಪಾಯಿ ಇದೆ ಎಂದುಕೊಳ್ಳಿ. 95ರಿಂದ 92ರವರೆಗೆ ಕೊಳ್ಳಲು ಸಿದ್ಧರಿರುವವರ ಆರ್ಡರ್‌ಗಳನ್ನೆಲ್ಲ ಕೂಡಿದರೆ 3 ಲಕ್ಷ ರೂಪಾಯಿ. ಒಬ್ಬರು ಬಂದು 4 ಲಕ್ಷದ ಸರಕನ್ನು ಮಾರ್ಕೆಟ್ ಆರ್ಡರ್‌ನಲ್ಲಿ ಮಾರಿದರೆ ಆ 3 ಲಕ್ಷ ಖಾಲಿಯಾಗಿ, ಉಳಿದ 1 ಲಕ್ಷಕ್ಕೆ 92ರ ಕೆಳಗೆ ಗಿರಾಕಿ ಹುಡುಕಬೇಕಾಗುತ್ತದೆ. ಬೆಲೆ 91ಕ್ಕೆ ಇಳಿಯುತ್ತದೆ. ನಾಣ್ಯದ ಬಗ್ಗೆ ಯಾವ ಕೆಟ್ಟ ಸುದ್ದಿಯೂ ಇರಬೇಕಿಲ್ಲ, ಒಬ್ಬರಿಗೆ ತುರ್ತಾಗಿ ಹಣ ಬೇಕಾಗಿದ್ದರೂ ಸಾಕು. ಕೆಲವೇ ನಿಮಿಷಗಳಲ್ಲಿ, ಬೇರೆ ಎಕ್ಸ್‌ಚೇಂಜ್‌ನಲ್ಲಿ 95 ಇರುವುದನ್ನು ಕಂಡವರು ಇಲ್ಲಿ ಅಗ್ಗಕ್ಕೆ ಕೊಂಡು ಬೆಲೆಯನ್ನು ಮೇಲೆತ್ತುತ್ತಾರೆ. ನಡುವೆ 93.8ರಲ್ಲಿ ಸ್ಟಾಪ್‌ಲಾಸ್ ಇಟ್ಟಿದ್ದವರ ನಾಣ್ಯ ಮಾತ್ರ ಕೈಬಿಟ್ಟು ಹೋಗಿರುತ್ತದೆ.

ಇಂಥವರು ಒಬ್ಬಿಬ್ಬರಿರುವುದಿಲ್ಲ. ಹೆಚ್ಚಿನವರು ಸ್ಟಾಪ್ ಇಡುವ ಜಾಗ ಒಂದೇ: ಚಾರ್ಟ್‌ನಲ್ಲಿ ಕಣ್ಣಿಗೆ ಹೊಡೆದು ಕಾಣುವ ಹಿಂದಿನ ತಳಕ್ಕಿಂತ ಕೂದಲೆಳೆಯಷ್ಟು ಕೆಳಗೆ, ಇಲ್ಲವೇ 90, 100ರಂಥ ದುಂಡನೆಯ ಅಂಕೆಯ ಬುಡದಲ್ಲಿ. ಅಲ್ಲಿ ಸ್ಟಾಪ್‌ಗಳ ಗುಂಪೇ ಸೇರಿರುತ್ತದೆ. ಸ್ಟಾಪ್ ಎಂದರೆ ಬೆಲೆ ತಾಗಿದೊಡನೆ ಮಾರಾಟದ ಆರ್ಡರ್ ಆಗಿ ಬದಲಾಗುವ ಸೂಚನೆ. ಹೀಗಾಗಿ ಮೊದಲನೆಯದು ಸಿಡಿದರೆ ಅದು ಬೆಲೆಯನ್ನು ಇನ್ನಷ್ಟು ತಳ್ಳಿ ಎರಡನೆಯದನ್ನು ಸಿಡಿಸುತ್ತದೆ. ದೊಡ್ಡ ಕುಳಗಳು ಬೇಕೆಂದೇ ಸ್ಟಾಪ್‌ಗಳನ್ನು ಬೇಟೆಯಾಡುತ್ತಾರೆ ಎಂಬ ದೂರು ಸದಾ ಕೇಳಿಬರುತ್ತದೆ. ಕೆಲವೊಮ್ಮೆ ಅದು ನಿಜವೂ ಇರಬಹುದು. ಆದರೆ ಬುಕ್ ತೆಳುವಾಗಿದ್ದರೆ ಬೇಟೆಗಾರನ ಅಗತ್ಯವೇ ಇಲ್ಲ, ಸರಪಳಿ ತಾನಾಗಿಯೇ ನಡೆಯುತ್ತದೆ. ಯಾರು ಮಾಡಿದರು ಎಂದು ಹುಡುಕುವುದಕ್ಕಿಂತ ನಮ್ಮ ಆರ್ಡರ್ ಆ ಗುಂಪಿನೊಳಗೆ ಏಕಿತ್ತು ಎಂದು ಕೇಳಿಕೊಳ್ಳುವುದು ಲಾಭದ ಮಾತು.

ಸ್ಟಾಪ್ ಎಲ್ಲಿರಬೇಕು ಎಂಬುದನ್ನು ಒಂದು ಲೆಕ್ಕದಿಂದ ನೋಡೋಣ. ಕೈಯಲ್ಲಿ 1 ಲಕ್ಷ ರೂಪಾಯಿ ಇದೆ, ಒಂದು ವಹಿವಾಟಿನಲ್ಲಿ 1,000 ರೂಪಾಯಿಗಿಂತ ಹೆಚ್ಚು ಕಳೆದುಕೊಳ್ಳಬಾರದು ಎಂದು ನಿರ್ಧರಿಸಿದ್ದೀರಿ. ನಾಣ್ಯವನ್ನು 100 ರೂಪಾಯಿಗೆ ಕೊಳ್ಳುತ್ತೀರಿ. ಕಳೆದ ಕೆಲವು ವಾರಗಳಲ್ಲಿ ಕ್ಯಾಂಡಲ್‌ಗಳ ಒಡಲು 94ರ ಕೆಳಗೆ ಮುಚ್ಚಿಲ್ಲ, ಹಾಗಾಗಿ 93.8ಕ್ಕೆ ಸ್ಟಾಪ್ ಇಡಲು ಮನಸ್ಸು ಎಳೆಯುತ್ತದೆ. ಈಗ ಒಡಲನ್ನು ಬಿಟ್ಟು ವಿಕ್‌ಗಳನ್ನು ಮಾತ್ರ ನೋಡಿ. ಒಂದು 92.6ಕ್ಕೆ ಇಳಿದಿದೆ, ಇನ್ನೊಂದು 92.1ಕ್ಕೆ, ಅತಿ ಉದ್ದದ್ದು 91.3ಕ್ಕೆ. ಮೂರು ಸಲವೂ ಬೆಲೆ 94ರ ಮೇಲೆಯೇ ಮುಗಿದಿದೆ. ಅಂದರೆ 94ರಿಂದ 91ರವರೆಗಿನ ಜಾಗ ಈ ನಾಣ್ಯ ಸುಮ್ಮನೆ ಓಡಾಡುವ ಅಂಗಳ. ಬೆಲೆ ಅಲ್ಲಿಗೆ ಬಂದರೆ ನಿಮ್ಮ ಎಣಿಕೆ ತಪ್ಪಾಯಿತೆಂದು ಅರ್ಥವಲ್ಲ.

ಅತಿ ಕೆಳಗಿನ ವಿಕ್‌ನ ತುದಿಗೇ ಸ್ಟಾಪ್ ಅಂಟಿಸಿದರೂ ಸಾಲದು, ಮುಂದಿನ ವಿಕ್ ತುಸು ಉದ್ದವಾಗಿರಬಹುದು. ಎಷ್ಟು ಅಂತರ ಬಿಡಬೇಕೆಂಬುದಕ್ಕೆ ಎಟಿಆರ್ ಎಂಬ ಅಳತೆ ನೆರವಾಗುತ್ತದೆ. ವೆಲ್ಸ್ ವೈಲ್ಡರ್ 1978ರ ತಮ್ಮ ಪುಸ್ತಕದಲ್ಲಿ ಕೊಟ್ಟ ಈ ಅಳತೆ, ಇತ್ತೀಚಿನ ಕ್ಯಾಂಡಲ್‌ಗಳು ಸರಾಸರಿ ಎಷ್ಟು ಏರಿಳಿದಿವೆ ಎಂದು ತಿಳಿಸುತ್ತದೆ. ಹೆಚ್ಚುಕಡಿಮೆ ಎಲ್ಲ ಚಾರ್ಟ್‌ಗಳಲ್ಲೂ ಸಿಗುತ್ತದೆ. ನಮ್ಮ ನಾಣ್ಯಕ್ಕೆ ನಾಲ್ಕು ಗಂಟೆಯ ಚಾರ್ಟ್‌ನಲ್ಲಿ ಎಟಿಆರ್ 3 ರೂಪಾಯಿ ಇದ್ದರೆ ಅದರ ಅರ್ಧ, ಅಂದರೆ 1.5 ರೂಪಾಯಿ ಬಿಟ್ಟರೆ 89.8 ಬರುತ್ತದೆ. ಅದು 90ರ ಬುಡಕ್ಕೇ ತಾಗಿಕೊಂಡಿದೆ, ಮತ್ತೆ ಗುಂಪಿನ ಜಾಗ. ಇನ್ನಷ್ಟು ಸರಿಸಿ 89.4ಕ್ಕೆ ಇಡುವುದು ಲೇಸು.

ಸ್ಟಾಪ್ 6.2 ರೂಪಾಯಿ ದೂರದಲ್ಲಿದ್ದದ್ದು ಈಗ 10.6 ರೂಪಾಯಿ ದೂರ ಹೋಗಿದೆ. ಕೊಳ್ಳುವ ಸಂಖ್ಯೆಯನ್ನು ಹಾಗೆಯೇ ಬಿಟ್ಟರೆ ನಷ್ಟದ ಮಿತಿ ಒಡೆದುಹೋಗುತ್ತದೆ. ಹಲವರು ಎಡವುವುದು ಇಲ್ಲೇ, ಸ್ಟಾಪನ್ನು ದೂರ ಸರಿಸುತ್ತಾರೆ, ಸಂಖ್ಯೆಯನ್ನು ಇಳಿಸುವುದಿಲ್ಲ. 93.8ರ ಸ್ಟಾಪ್‌ಗೆ 161 ನಾಣ್ಯ ಕೊಳ್ಳಬಹುದಿತ್ತು, 89.4ಕ್ಕೆ 94 ಮಾತ್ರ. ತೆಳು ಬುಕ್‌ನಲ್ಲಿ 89.4ಕ್ಕೇ ಮಾರಾಟವಾಗುವ ಖಾತರಿಯಿಲ್ಲ, 2 ಶೇಕಡಾ ಜಾರಿ 87.6ಕ್ಕೆ ಹೋಗಬಹುದು ಎಂದಿಟ್ಟುಕೊಂಡರೆ 80 ನಾಣ್ಯ. ಅಂದರೆ ಮೊದಲಂದುಕೊಂಡದ್ದರ ಅರ್ಧ. ಲಾಭ ಬಂದರೂ ಅರ್ಧವೇ. ವಿಕ್‌ನ ಆಚೆ ಸ್ಟಾಪ್ ಇಡುವುದಕ್ಕೆ ತೆರಬೇಕಾದ ಬೆಲೆ ಇದು, ಇದನ್ನು ತಪ್ಪಿಸಿಕೊಳ್ಳುವ ಅಡ್ಡದಾರಿ ಇಲ್ಲ.

ಇಷ್ಟೂ ಲೆಕ್ಕ ಸ್ವಂತ ಹಣದಲ್ಲಿ ನಾಣ್ಯ ಕೊಳ್ಳುವವರದು. ಫ್ಯೂಚರ್ಸ್‌ನಲ್ಲಿ ಹತ್ತು ಪಟ್ಟು ಲೆವರೇಜ್ ತೆಗೆದುಕೊಂಡವರಿಗೆ ಇದು ಹೊಂದುವುದಿಲ್ಲ. ಹತ್ತು ಪಟ್ಟಿನಲ್ಲಿ ಬೆಲೆ 10 ಶೇಕಡಾ ಬೀಳುವ ಮೊದಲೇ ಎಕ್ಸ್‌ಚೇಂಜ್ ಬಲವಂತವಾಗಿ ಮಾರಿಬಿಡುತ್ತದೆ. 91ರ ಹತ್ತಿರವೇ ಆಟ ಮುಗಿದಿರುವಾಗ 89.4ರ ಸ್ಟಾಪ್ ಬರೀ ಅಲಂಕಾರ. ಸ್ಟಾಪ್‌ನ ಜಾಗ ಮೊದಲು ನಿರ್ಧಾರವಾಗಬೇಕು, ಲಿಕ್ವಿಡೇಶನ್ ಬೆಲೆ ಅದಕ್ಕಿಂತ ಸಾಕಷ್ಟು ಕೆಳಗೆ ಬರುವಷ್ಟು ಕಡಿಮೆ ಲೆವರೇಜ್ ಆಮೇಲೆ. ಫ್ಯೂಚರ್ಸ್‌ನಲ್ಲಿ ಒಂದು ಅನುಕೂಲವೂ ಇದೆ. ಹಲವು ಎಕ್ಸ್‌ಚೇಂಜ್‌ಗಳಲ್ಲಿ ಸ್ಟಾಪ್ ಸಿಡಿಯಲು ಕೊನೆಯ ವಹಿವಾಟಿನ ಬೆಲೆಯ ಬದಲು ಮಾರ್ಕ್ ಪ್ರೈಸ್ ಆರಿಸಿಕೊಳ್ಳಬಹುದು. ಅದಕ್ಕೆ ಆಧಾರ ಹಲವು ಎಕ್ಸ್‌ಚೇಂಜ್‌ಗಳ ಬೆಲೆ, ಆದ್ದರಿಂದ ಒಂದೇ ಕಡೆ ಮೂಡಿದ ವಿಕ್‌ಗೆ ಅದು ಅಷ್ಟಾಗಿ ಅಲುಗಾಡುವುದಿಲ್ಲ.

ಆರ್ಡರ್‌ನ ಬಗೆಯನ್ನೂ ನೋಡಬೇಕು. ಸ್ಟಾಪ್ ಮಾರ್ಕೆಟ್ ಆರ್ಡರ್ ಸಿಕ್ಕ ಬೆಲೆಗೆ ಮಾರುತ್ತದೆ, ಜಿಡ್ಯಾಕ್ಸ್‌ನಲ್ಲಿ 10 ಸೆಂಟ್‌ವರೆಗೆ ಮಾರಿದಂತೆ. ಸ್ಟಾಪ್ ಲಿಮಿಟ್‌ನಲ್ಲಿ 89.4ಕ್ಕೆ ಸಿಡಿಯಲಿ, ಆದರೆ 85ಕ್ಕಿಂತ ಕಡಿಮೆಗೆ ಮಾರಬೇಡ ಎಂದು ಹೇಳಬಹುದು. ಆಗ ಕ್ಷಣಿಕ ಕುಸಿತದಲ್ಲಿ ಪುಡಿಗಾಸಿಗೆ ಮಾರಾಟವಾಗುವುದು ತಪ್ಪುತ್ತದೆ. ಆದರೆ ಕುಸಿತ ನಿಜವಾಗಿದ್ದು ಬೆಲೆ ಒಂದೇ ನೆಗೆತಕ್ಕೆ 85 ದಾಟಿದರೆ ಆರ್ಡರ್ ಮಾರಾಟವಾಗದೆ ಉಳಿದು, ನೀವು ನಾಣ್ಯದ ಜತೆಗೇ ಮುಳುಗುತ್ತೀರಿ. ಕೊಳ್ಳುವವರೇ ಮಾಯವಾಗುವಷ್ಟು ತೆಳುವಾದ ನಾಣ್ಯಕ್ಕೆ, ದಿನಕ್ಕೆರಡು ಸಲ ನೋಡಿಕೊಳ್ಳುವ ಬಿಡುವಿದ್ದರೆ, ಅಂತರ ಧಾರಾಳವಾಗಿ ಬಿಟ್ಟ ಸ್ಟಾಪ್ ಲಿಮಿಟ್ ಮೇಲೆಂದು ನನ್ನ ಅನಿಸಿಕೆ.

ಹಾಗಾದರೆ ಬಿದ್ದದ್ದು ವಿಕ್ಕೋ ನಿಜವಾದ ಕುಸಿತವೋ ಎಂದು ತಿಳಿಯುವುದು ಹೇಗೆ? ಅದೇ ನಾಣ್ಯದ ಬೆಲೆಯನ್ನು ಇನ್ನೆರಡು ಎಕ್ಸ್‌ಚೇಂಜ್‌ಗಳಲ್ಲಿ ನೋಡಿ. ಅಲ್ಲಿ ಅಲುಗಾಡದೆ ಇಲ್ಲಿ ಮಾತ್ರ ಬಿದ್ದಿದ್ದರೆ ಇಲ್ಲಿನ ಬುಕ್ ಖಾಲಿಯಾಗಿದೆ ಎಂದರ್ಥ. ಎಲ್ಲ ಕಡೆ ಒಟ್ಟಿಗೆ ಬಿದ್ದು, ವಹಿವಾಟಿನ ಪ್ರಮಾಣ ಏರಿ, ಕ್ಯಾಂಡಲ್ ಕೆಳಗೇ ಮುಚ್ಚಿದರೆ ನಿಮ್ಮ ಎಣಿಕೆ ಸುಳ್ಳಾಗಿದೆ. ಆಗ ಸ್ಟಾಪನ್ನು ಇನ್ನೂ ಕೆಳಗೆ ಸರಿಸುವುದು ಸಲ್ಲದು. ವಿಕ್‌ನ ಆಚೆಯ ಜಾಗವನ್ನು ಕೊಳ್ಳುವ ಮೊದಲು ಗೊತ್ತುಮಾಡಬೇಕು, ಬೆಲೆ ಬೀಳುತ್ತಿರುವಾಗಲ್ಲ.

ಈ ಲೆಕ್ಕಕ್ಕೂ ನಿಲುಕದ ದಿನಗಳಿವೆ. 2025ರ ಅಕ್ಟೋಬರ್ 10ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಚೀನಾದ ಸರಕಿಗೆ 100 ಶೇಕಡಾ ಹೆಚ್ಚುವರಿ ಸುಂಕ ಘೋಷಿಸಿದ ಬಳಿಕ ಕ್ರಿಪ್ಟೊ ಮಾರುಕಟ್ಟೆಯಲ್ಲಿ 1,900 ಕೋಟಿ ಡಾಲರ್‌ಗೂ ಹೆಚ್ಚಿನ ಬಲವಂತದ ಮಾರಾಟ ನಡೆಯಿತು. ಸುಮಾರು 4 ಡಾಲರ್ ಇದ್ದ ಆಟಮ್ ನಾಣ್ಯ ಬೈನಾನ್ಸ್‌ನಲ್ಲಿ ಕ್ಷಣಕಾಲ 0.001 ಡಾಲರ್ ಮುಟ್ಟಿತು. ಕೊಳ್ಳುವವರಿಲ್ಲದೆ, 2019ರಿಂದ ಹಾಗೇ ಉಳಿದಿದ್ದ ಹಳೆಯ ಆರ್ಡರ್‌ಗಳಿಗೆ ಮಾರಾಟ ತಾಗಿತೆಂದು ಬೈನಾನ್ಸ್ ಹೇಳಿತು. ಅಂಥ ವಿಕ್‌ನ ಆಚೆ ಸ್ಟಾಪ್ ಇಡಲು ಜಾಗವೇ ಇಲ್ಲ. ಆ ದಿನ ಕಾಪಾಡುವುದು ಕೊಂಡ ಪ್ರಮಾಣ ಚಿಕ್ಕದಾಗಿರುವುದು, ಸಾಲ ಇಲ್ಲದಿರುವುದು, ಇವೆರಡೇ.

ಭಾರತದಲ್ಲಿ ಕೂತು ವಹಿವಾಟು ಮಾಡುವವರಿಗೆ ವಿಕ್‌ನ ಹೊಡೆತ ಇನ್ನೊಂದು ಪಟ್ಟು ಜೋರು. ಕ್ರಿಪ್ಟೊ ಲಾಭಕ್ಕೆ 30 ಶೇಕಡಾ ತೆರಿಗೆ ಇದೆ, ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. 2022ರ ಜುಲೈನಿಂದ ಮಾರಾಟದ ಮೊತ್ತದ ಮೇಲೆ 1 ಶೇಕಡಾ ಟಿಡಿಎಸ್ ಕೂಡ ಮುರಿಯುತ್ತಾರೆ. ಅದು ಆಮೇಲೆ ತೆರಿಗೆಯಲ್ಲಿ ಹೊಂದಿಕೆಯಾದರೂ ಅಲ್ಲಿಯವರೆಗೆ ಹಣ ಸಿಕ್ಕಿಬಿದ್ದಿರುತ್ತದೆ. ಸುಳ್ಳು ಕುಸಿತಕ್ಕೆ ಮೂರು ಸಲ ಹೊರಬಿದ್ದು ನಾಲ್ಕನೆಯ ಸಲ ಗೆದ್ದವರು, ಒಟ್ಟು ಲೆಕ್ಕದಲ್ಲಿ ಏನೂ ಉಳಿಯದಿದ್ದರೂ, ಆ ನಾಲ್ಕನೆಯದರ ಲಾಭಕ್ಕೆ ಪೂರ್ತಿ ತೆರಿಗೆ ಕಟ್ಟುತ್ತಾರೆ. ಹಾಗಾಗಿ ಕೊಳ್ಳುವ ಮೊದಲೇ ವಿಕ್‌ಗಳ ಆಚೆ ಸ್ಟಾಪ್ ಇಟ್ಟು ಲೆಕ್ಕ ಹಾಕಿ ನೋಡಿ. ಸಿಗುವ ಸಂಖ್ಯೆ ಕೈಗೆ ಹತ್ತದಷ್ಟು ಸಣ್ಣದಾಯಿತೆಂದರೆ ಆ ನಾಣ್ಯ ನಿಮ್ಮ ಬಂಡವಾಳಕ್ಕೆ ತಕ್ಕದ್ದಲ್ಲ, ಬಿಟ್ಟುಬಿಡಿ.