ಸಿಗ್ನಲ್ ತುಂಬಿದೆ, ಕರೆ ಮಾತ್ರ ಹೋಗುತ್ತಿಲ್ಲ

ವಿಲೆ ಪಾರ್ಲೆ ಪೂರ್ವದಲ್ಲಿ ಹೋಟೆಲ್ ನಡೆಸುವ ಉಡುಪಿ ಕಡೆಯ ಪರಿಚಿತರೊಬ್ಬರಿಗೆ ತಮ್ಮ ದುಬೈನಿಂದ ಹೊಸ ಫೋನ್ ತಂದುಕೊಟ್ಟಿದ್ದ. ಗಿರಾಕಿಗಳ ಯುಪಿಐ ಹಣ ಬಂದದ್ದು ಥಟ್ಟನೆ ಕಾಣುತ್ತಿತ್ತು, ವಾಟ್ಸ್ಯಾಪ್‌ನಲ್ಲಿ ಊರಿನ ಜತೆ ಮಾತೂ ಸಲೀಸಾಗಿತ್ತು. ಸಾದಾ ಕರೆ ಮಾಡಿದರೆ ಮಾತ್ರ ಕೆಲವು ಸೆಕೆಂಡು ಮೌನ, ಆಮೇಲೆ ರಿಂಗ್. ಹಿಂದಿನ ಅಡುಗೆಮನೆಗೆ ಹೋದರೆ ಮಾತು ನಡುವೆಯೇ ಕಟ್. ಕರೆ ನಡೆಯುತ್ತಿರುವಷ್ಟು ಹೊತ್ತು ಇಂಟರ್‌ನೆಟ್ಟೂ ಇಲ್ಲ.

ಟವರ್ ಸರಿ ಇಲ್ಲ ಎಂದು ಎಲ್ಲರೂ ಹೇಳಿದರು. ಆದರೆ ಕರೆ ಒತ್ತಿದ ಕೂಡಲೇ ಪರದೆಯ ಮೇಲಿನ 4G ಹೋಗಿ E ಎಂಬ ಅಕ್ಷರ ಬರುತ್ತಿತ್ತು. ಕಾರಣ ಇದ್ದದ್ದು ಅಲ್ಲಿ.

4ಜಿ ಜಾಲವನ್ನು ಕಟ್ಟಿದ್ದೇ ದತ್ತಾಂಶಕ್ಕಾಗಿ. ಹಳೆಯ 2ಜಿ, 3ಜಿಯಲ್ಲಿ ಮಾತಿಗೆಂದೇ ಪ್ರತ್ಯೇಕ ಹಾದಿ ಇತ್ತು. 4ಜಿಯಲ್ಲಿ ಆ ಹಾದಿಯೇ ಇಲ್ಲ. ಹಾಗಾಗಿ ವೋಲ್ಟಿ (ಪರದೆಯಲ್ಲಿ ಕಾಣುವುದು VoLTE) ಇಲ್ಲದ ಫೋನು ಕರೆ ಬಂದಾಗಲೆಲ್ಲ 4ಜಿ ಬಿಟ್ಟು ಹಳೆಯ ಜಾಲಕ್ಕೆ ಇಳಿಯಬೇಕು. ಫಾಸ್ಟ್ ಲೋಕಲ್ ಪಾರ್ಲೆಯಲ್ಲಿ ನಿಲ್ಲದ ಕಾರಣ ಅಂಧೇರಿಯಲ್ಲಿ ಇಳಿದು ಸ್ಲೋ ಹತ್ತುತ್ತೇವಲ್ಲ, ಹಾಗೆ. ಆ ಕೆಲವು ಸೆಕೆಂಡುಗಳ ಮೌನ ಗಾಡಿ ಬದಲಿಸುವ ಹೊತ್ತು. ಮೊದಲು ಇಳಿಯಲು 3ಜಿಯಾದರೂ ಇತ್ತು, ಅದರಲ್ಲಿ ಮಾತು, ನೆಟ್ ಎರಡೂ ಒಟ್ಟಿಗೆ ನಡೆಯುತ್ತಿದ್ದವು. ಏರ್‌ಟೆಲ್ 2020ರ ಹೊತ್ತಿಗೆ 3ಜಿ ಮುಚ್ಚಿದ ಮೇಲೆ ಅದರ ಗ್ರಾಹಕರು ಇಳಿಯುವುದು ನೇರ 2ಜಿಗೆ. 2016ರ ಸೆಪ್ಟೆಂಬರಿನಲ್ಲಿ ಬಂದ ಜಿಯೋಗೆ 2ಜಿ, 3ಜಿ ಜಾಲವೇ ಇರಲಿಲ್ಲ. ಅಲ್ಲಿ ವೋಲ್ಟಿ ಇಲ್ಲದ ಫೋನಿಗೆ ಇಳಿಯಲು ಜಾಗವೇ ಇಲ್ಲ. ಮುಂದಿನ ವರ್ಷದ ಸೆಪ್ಟೆಂಬರಿನಲ್ಲಿ ಏರ್‌ಟೆಲ್ ತನ್ನ ವೋಲ್ಟಿಯನ್ನು ಮೊದಲು ಶುರು ಮಾಡಿದ್ದು ಮುಂಬೈಯಲ್ಲೇ.

ವೋಲ್ಟಿಯಲ್ಲಿ ಮಾತೂ ದತ್ತಾಂಶವೇ. ದನಿಯನ್ನು 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ ಕಳಿಸುತ್ತಾರೆ. ವಾಟ್ಸ್ಯಾಪ್ ಕರೆಯೂ ಸುಮಾರಾಗಿ ಹೀಗೆಯೇ, ಆದರೆ ಅದರ ತುಣುಕುಗಳು ಉಳಿದ ಇಂಟರ್‌ನೆಟ್ಟಿನ ಸರತಿಯಲ್ಲೇ ನಿಲ್ಲುತ್ತವೆ. ವೋಲ್ಟಿ ತುಣುಕುಗಳಿಗೆ ಟವರು ಬೇರೆಯೇ ಆದ್ಯತೆಯ ಹಾದಿ ಕೊಡುತ್ತದೆ. ಈ ಹಾದಿ ಸಿಗಬೇಕಾದರೆ ಫೋನು ಮೊದಲೇ ಕಂಪನಿಯ ಐಎಂಎಸ್ ಎಂಬ ಕರೆ ವ್ಯವಸ್ಥೆಯಲ್ಲಿ ನೋಂದಾಯಿಸಿಕೊಂಡಿರಬೇಕು. ಸಿಗ್ನಲ್ ಗೆರೆಗಳು ಈ ನೋಂದಣಿಯ ಬಗ್ಗೆ ಏನೂ ಹೇಳುವುದಿಲ್ಲ.

ಪಾರ್ಲೆಯ ಫೋನಿಗೆ ಇನ್ನೊಂದು ಪೆಟ್ಟೂ ಬಿದ್ದಿತ್ತು. ಕರೆ ಬಂದಾಗ ಯುಪಿಐ ನಿಲ್ಲುತ್ತದೆಂದು ಗಲ್ಲಾದ ಹುಡುಗ ನೆಟ್‌ವರ್ಕ್ ಸೆಟ್ಟಿಂಗನ್ನು LTE only ಮಾಡಿಬಿಟ್ಟ. ನೆಟ್ ನಿಲ್ಲುವುದು ತಪ್ಪಿತು, ಜತೆಗೆ ಕರೆಗಳೂ ತಪ್ಪಿದವು. ಫೋನು ಕೈಯಲ್ಲೇ ಇದ್ದರೂ, ಕರೆ ಮಾಡಿದವರಿಗೆ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ದನಿ ಕೇಳುತ್ತಿತ್ತು. 2ಜಿಗೆ ಇಳಿಯುವ ಬಾಗಿಲನ್ನೂ ಆ ಸೆಟ್ಟಿಂಗ್ ಮುಚ್ಚಿತ್ತು.

ನಾವು ಮೊದಲು ಅದನ್ನು ಹಿಂದಿನಂತೆ 2ಜಿಯೂ ಇರುವ ಆಯ್ಕೆಗೆ ತಂದೆವು. ಕರೆಗಳು ಅದೇ ಹಳೆಯ ವಿಳಂಬದೊಂದಿಗೆ ಮರಳಿದವು. ಆಮೇಲೆ ಅದೇ ಸಿಮ್ಮನ್ನು ಇಲ್ಲಿ ಕೊಂಡ ಇನ್ನೊಂದು ಫೋನಿಗೆ ಹಾಕಿದೆವು. ಸ್ವಲ್ಪ ಹೊತ್ತಿಗೆ ಮೇಲೆ VoLTE ಗುರುತು ಮೂಡಿತು; ಕರೆ ಒಂದೆರಡು ಸೆಕೆಂಡಿನಲ್ಲಿ ಹೋಯಿತು, 4G ಅಳಿಸಲಿಲ್ಲ. ಅಂದರೆ ಸಿಮ್, ಕಂಪನಿ, ಟವರ್ ಎಲ್ಲವೂ ಸರಿ. ಉಳಿದದ್ದು ದುಬೈ ಫೋನು. ಅದರ ಸಿಮ್ ಸೆಟ್ಟಿಂಗಿನಲ್ಲಿ VoLTE ಸ್ವಿಚ್ಚೇ ಇರಲಿಲ್ಲ. ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಡಯಲ್ ಮಾಡಿ ಒಳಗಿನ ಸ್ಥಿತಿ ನೋಡಬಹುದಾದ ಸಂಕೇತ ಇದು:

```
*#*#4636#*#*
```

ಅಲ್ಲಿ ಫೋನ್ ಮಾಹಿತಿಯೊಳಗೆ IMS Service Status ತೆರೆದಾಗ Not Registered ಎಂದಿತ್ತು.

4ಜಿ ಇದ್ದ ಮಾತ್ರಕ್ಕೆ ವೋಲ್ಟಿ ಬರುವುದಿಲ್ಲ. ಯಾವ ಕಂಪನಿಯ ಸಿಮ್ಮಿಗೆ ಯಾವ ರೀತಿ ನೋಂದಣಿ ಎಂಬ ವಿವರವನ್ನು ಫೋನ್ ತಯಾರಕರು ಸಾಫ್ಟ್‌ವೇರಿನಲ್ಲಿ ತುಂಬಿರಬೇಕು. ಬೇರೆ ದೇಶದ ಮಾರುಕಟ್ಟೆಗೆ ಮಾಡಿದ ಮಾದರಿಯಲ್ಲಿ ನಮ್ಮ ಕಂಪನಿಗಳ ವಿವರ ಇಲ್ಲದಿರಬಹುದು. ತಯಾರಕರ ಅಪ್‌ಡೇಟ್‌ನಲ್ಲಿ ಅದು ಬಂದರೆ ಸರಿಹೋಗುತ್ತದೆ. ಬರದಿದ್ದರೆ ಸಿಮ್ ಬದಲಿಸಿಯೋ ಫೋನ್ ರೀಸೆಟ್ ಮಾಡಿಯೋ ಪ್ರಯೋಜನವಿಲ್ಲ. ವೈಫೈ ಕಾಲಿಂಗ್ ಕೂಡ ಇದೇ ಐಎಂಎಸ್ ನೋಂದಣಿಯನ್ನೇ ಕೇಳುವುದರಿಂದ ಅಡುಗೆಮನೆಯಲ್ಲಿ ವೈಫೈ ಇದ್ದೂ ಅವರಿಗೆ ಸಹಾಯವಾಗಲಿಲ್ಲ.

ವೋಲ್ಟಿ ಇದ್ದ ಫೋನಿನಲ್ಲೂ ಕರೆ ಕಡಿಯುವುದುಂಟು. 4ಜಿ ಕ್ಷೀಣಿಸುವ ಕಡೆ ನಡೆಯುತ್ತಿರುವ ಕರೆಯನ್ನು ಜಾಲವೇ 2ಜಿಗೆ ದಾಟಿಸಬೇಕು. ದಾಟಿಸುವುದು ತಡವಾದರೆ ಕಟ್. ಅಂಥ ಕರೆ ಒಂದೇ ಜಾಗದಲ್ಲಿ, ಯಾವ ಫೋನಿನಲ್ಲೂ ಕಡಿಯುತ್ತದೆ. ದುಬೈ ಫೋನಿನ ತೊಂದರೆಯಾದರೋ ಟವರ್ ಕೆಳಗೆ ನಿಂತರೂ ಬಿಡದು. ಅವರು ಈಗ ಅದರಲ್ಲಿ ಯುಪಿಐ ನೋಡುತ್ತಾರೆ, ಸಿಮ್ ಇರುವುದು ಇಲ್ಲಿ ಕೊಂಡ ಫೋನಿನಲ್ಲಿ.