ಕಲಿತದ್ದು ಎಲೆಯನ್ನೋ, ಗೋಡೆಯನ್ನೋ?

ವೀಳ್ಯದೆಲೆಯೂ ಕಾಳುಮೆಣಸಿನ ಎಲೆಯೂ ಒಂದೇ ಕುಲದ ನೆಂಟರು. ಎರಡರ ಆಕಾರವೂ ಹೃದಯಕ್ಕೆ ಹತ್ತಿರ, ಎರಡರಲ್ಲೂ ಬುಡದಿಂದಲೇ ಕವಲೊಡೆಯುವ ನರಗಳು; ತೋಟದ ಪರಿಚಯವಿಲ್ಲದವರು ಒಮ್ಮೆ ತಡವರಿಸುತ್ತಾರೆ. ಚಿತ್ರ ಗುರುತಿಸುವ ಪುಟ್ಟ ಮಾದರಿಯೊಂದನ್ನು ಹೈಸ್ಕೂಲ್ ಮಕ್ಕಳು ತಾವೇ ತರಬೇತುಗೊಳಿಸಿ ಓಡಿಸುವ ಮೂರು ಗಂಟೆಯ ಕಮ್ಮಟಕ್ಕೆ ಈ ಜೋಡಿ ಹೇಳಿಮಾಡಿಸಿದ ಸರಕು. ನಿಂಬೆ, ಟೊಮೆಟೊ ಇಟ್ಟರೆ ಯಂತ್ರ ಬಣ್ಣ ನೋಡಿಯೇ ಗೆದ್ದುಬಿಡುತ್ತದೆ, ಮಕ್ಕಳು ಚಪ್ಪಾಳೆ ತಟ್ಟಿ ಎದ್ದು ಹೋಗುತ್ತಾರೆ. ಮಕ್ಕಳ ಮುಖಗಳನ್ನೇ ಬಳಸುವುದಂತೂ ಬೇಡವೇ ಬೇಡ. ಯಂತ್ರ ಎಡವಬೇಕು, ಅದು ಎಡವಿದ್ದೇಕೆ ಎಂದು ಹುಡುಕುವುದಕ್ಕೇ ಅರ್ಧಕ್ಕಿಂತ ಹೆಚ್ಚು ಸಮಯ ಕೊಡಬೇಕು ಎನ್ನುವುದು ನನ್ನ ವಾದ.

ಮೂವರು ಮಕ್ಕಳಿಗೆ ವೆಬ್‌ಕ್ಯಾಮ್ ಇರುವ ಒಂದು ಲ್ಯಾಪ್‌ಟಾಪ್ ಸಾಕು. ಗೂಗಲ್ 2017ರಲ್ಲಿ ಹೊರತಂದ, 2019ರಲ್ಲಿ ಹೊಸ ರೂಪ ಕೊಟ್ಟ ಟೀಚಬಲ್ ಮಷೀನ್ ಬ್ರೌಸರಿನೊಳಗೇ ಕೆಲಸ ಮಾಡುತ್ತದೆ. ನಾವು ಬೇಕೆಂದು ಉಳಿಸದಿದ್ದರೆ, ಟ್ಯಾಬ್ ಮುಚ್ಚಿದೊಡನೆ ಚಿತ್ರಗಳೂ ಹೋದವೆಂದೇ ಲೆಕ್ಕ. ವರ್ಗಗಳು ಮೂರು: ವೀಳ್ಯ, ಮೆಣಸು, ಬರಿಗೈ. ಮೂರನೆಯದು ಏಕೆಂದರೆ, ಯಂತ್ರ ತೋರಿಸುವ ಶೇಕಡಾ ಪಟ್ಟಿಗಳ ಮೊತ್ತ ಯಾವಾಗಲೂ ನೂರು. ಎರಡೇ ವರ್ಗ ಕೊಟ್ಟರೆ, ಖಾಲಿ ಕೈ ಕಂಡರೂ ಅದು ಆ ಎರಡರ ನಡುವೆಯೇ ನೂರನ್ನು ಹಂಚಬೇಕಾಗುತ್ತದೆ. ವರ್ಗಕ್ಕೆ ಸುಮಾರು ನೂರು ಚಿತ್ರ ಹಿಡಿದು `Train Model` ಒತ್ತಿದರೆ ತರಬೇತಿ ಸಾಮಾನ್ಯವಾಗಿ ಬೇಗ ಮುಗಿಯುತ್ತದೆ. ಈ ವೇಗಕ್ಕೆ ಕಾರಣ ಮೊಬೈಲ್‌ನೆಟ್ ಎಂಬ ಜಾಲ. ಅಂಚು, ಮೈ, ಬಾಗು ಮುಂತಾದವನ್ನು ಅದು ಲಕ್ಷಗಟ್ಟಲೆ ಚಿತ್ರಗಳಿಂದ ಮೊದಲೇ ಕಲಿತಿದೆ. ಅದನ್ನು ಹಾಗೆಯೇ ಬಿಟ್ಟು ತುದಿಯ ಸಣ್ಣ ಭಾಗವನ್ನಷ್ಟೇ ಇಲ್ಲಿ ಹೊಸದಾಗಿ ತಿದ್ದಲಾಗುತ್ತದೆ.

ಮೊದಲ ಸುತ್ತಿನಲ್ಲಿ ಮಕ್ಕಳಿಗೆ ಯಾವ ಎಚ್ಚರಿಕೆಯನ್ನೂ ಕೊಡಬಾರದು. ಒಬ್ಬರು ಕಿಟಕಿಯ ಬಳಿ ವೀಳ್ಯದೆಲೆ ಹಿಡಿಯುತ್ತಾರೆ, ಇನ್ನೊಬ್ಬರು ಲ್ಯಾಪ್‌ಟಾಪ್ ತಿರುಗಿಸಿ ಕಪ್ಪು ಹಲಗೆಯ ಮುಂದೆ ಮೆಣಸಿನ ಎಲೆ ಹಿಡಿಯುತ್ತಾರೆ. ಪರದೆಯ ಅಂಕಿ ನೂರಕ್ಕೆ ನೂರರ ಹತ್ತಿರ ಬಂದರೆ ಅಚ್ಚರಿಯಿಲ್ಲ. ಈಗ ಎಲೆಯ ಜಾಗದಲ್ಲಿ ಖಾಲಿ ಬಿಳಿ ಕಾಗದವನ್ನು ಕಿಟಕಿಯ ಮುಂದೆ ಹಿಡಿಸಿ ನೋಡಿ. ವೀಳ್ಯದ ಪಟ್ಟಿ ಆಗಲೂ ತುಂಬಿಯೇ ಇದ್ದರೆ, ಯಂತ್ರ ಕಲಿತದ್ದು ಕಿಟಕಿಯ ಬೆಳಕನ್ನು. ಹಾಗಾದರೆ ಅಂಕಿ ಸುಳ್ಳೇ? ಸುಳ್ಳಲ್ಲ, ಪರೀಕ್ಷೆ ಕಳಪೆ. ಗುಂಡಿ ಒತ್ತಿ ಹಿಡಿದರೆ ಕ್ಯಾಮೆರಾ ಸೆಕೆಂಡಿಗೆ ಇಪ್ಪತ್ತಕ್ಕೂ ಹೆಚ್ಚು ಚಿತ್ರ ಸೆಳೆಯುತ್ತದೆ, ಒಂದರ ಪಕ್ಕದ್ದು ಬಹುಪಾಲು ಅದರ ನಕಲು. ಇವುಗಳಲ್ಲೇ ಶೇ 15ರಷ್ಟನ್ನು ತೆಗೆದಿಟ್ಟು ಪರೀಕ್ಷೆಗೆ ಬಳಸಲಾಗುತ್ತದೆ. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕ ವಿದ್ಯಾರ್ಥಿಯ ಅಂಕದಂತೆ ಅದು.

ಆದ್ದರಿಂದ ಎರಡನೆಯ ಸುತ್ತಿಗೆ ಎರಡೇ ನಿಯಮ. ಮೂರೂ ವರ್ಗಗಳನ್ನು ಮೂರು ಜಾಗಗಳಲ್ಲೂ, ಬೇರೆ ಬೇರೆ ಕೈಗಳಿಂದ, ಎಳೆಯ ಹಾಗೂ ಬಲಿತ ಎಲೆಗಳಿಂದ ಚಿತ್ರಿಸಬೇಕು. ಪ್ರತಿ ಜಾತಿಯ ಐದು ಎಲೆಗಳನ್ನು ಕ್ಯಾಮೆರಾಗೆ ತೋರಿಸದೆ ಪಕ್ಕಕ್ಕಿಟ್ಟು, ಪಕ್ಕದ ಗುಂಪಿನವರ ಕೈಯಲ್ಲಿ ಅವರ ಮೇಜಿನ ಬಳಿ ಪರೀಕ್ಷಿಸಬೇಕು. ಹತ್ತರಲ್ಲಿ ಏಳು ಸರಿಯಾದರೂ ಆ ಏಳಕ್ಕೆ ಮೊದಲಿನ ನೂರಕ್ಕಿಂತ ಹೆಚ್ಚು ಅರ್ಥವಿದೆ. ತಪ್ಪಿದವನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿಸಿ. ಚಿತ್ರವನ್ನು ಚೌಕಕ್ಕೆ ಕತ್ತರಿಸಿ 224 ಗುಣಿಸು 224 ಚುಕ್ಕಿಗಳಿಗೆ ಕುಗ್ಗಿಸುವುದರಿಂದ ದೂರ ಹಿಡಿದ ಎಲೆಯ ನರಗಳು ಮಾಸಿಹೋಗುತ್ತವೆ, ಉಳಿಯುವುದು ಅಂಚು ಮತ್ತು ಹೊಳಪು.

ಕೋಡ್ ಬರೆಯದ ಮೇಲೆ ಇದೆಂಥ ಕಲಿಕೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಅದರಲ್ಲಿ ಹುರುಳಿಲ್ಲದಿಲ್ಲ, ಪೂರ್ವತರಬೇತಿಯ ಜಾಲವನ್ನು ಬಳಸುವುದೆಂದರೆ ಅರ್ಧ ಅಡುಗೆ ಬೇರೆಯವರದೇ. ಆದರೆ ಗೋಡೆಯನ್ನು ಕಲಿತ ಮಾದರಿಯನ್ನು ಯಾವ ಕೋಡೂ ಉಳಿಸದು, ಹಾಗಾಗಿ ಕೋಡಿಗೆ ಕೊನೆಯ ಅರ್ಧ ಗಂಟೆ ಸಾಕು. ಮಾದರಿಯನ್ನು ರಫ್ತು ಮಾಡಿಕೊಂಡು, ಸಿಗುವ ಸಿದ್ಧ ಪುಟದ `predict` ಫಂಕ್ಷನ್ನಿನೊಳಗೆ ಮಕ್ಕಳು ಈ ಮೂರು ಸಾಲು ಸೇರಿಸಲಿ:

```
const r = await model.predict(webcam.canvas);
const best = r.reduce((a, b) => a.probability > b.probability ? a : b);
console.log(best.probability < 0.8 ? "ಗೊತ್ತಿಲ್ಲ" : best.className);
```

0.8ರ ಗೆರೆಯನ್ನು ಏರಿಸಿದರೆ ತಪ್ಪು ಉತ್ತರ ಕಡಿಮೆಯಾಗಿ ‘ಗೊತ್ತಿಲ್ಲ’ ಹೆಚ್ಚುತ್ತದೆ, ಇಳಿಸಿದರೆ ತಿರುವುಮುರುವು. ಎಲ್ಲಿ ನಿಲ್ಲಿಸಬೇಕೆಂದು ಪ್ರತಿ ಗುಂಪೂ ವಾದಿಸಿ ತೀರ್ಮಾನಿಸಲಿ. ಆಮೇಲೆ ಒಂದು ಹಿಪ್ಪಲಿ ಎಲೆಯನ್ನು ಹೊರತೆಗೆಯಿರಿ. ಅದೂ ಅದೇ ಕುಲದ್ದು, ಆದರೆ ಯಂತ್ರಕ್ಕೆ ಯಾರೂ ಕಲಿಸಿದ್ದಲ್ಲ. ‘ಗೊತ್ತಿಲ್ಲ’ ಎನ್ನುವ ಬದಲು ಅದು 0.8ನ್ನು ದಾಟಿ ‘ವೀಳ್ಯ’ ಎಂದುಬಿಡುವುದೂ ಉಂಟು.